ತರಬೇತಿ ಪುಸ್ತಕದ ಚಿತ್ರಕ್ಕೆ ಸಮವಸ್ತ್ರ ವಿವರಿಸಿ ಬರೆಯುವುದು ಹೇಗೆ?

‘ಹಾಸಿಗೆ ಪಕ್ಕದಲ್ಲಿ ಸಮವಸ್ತ್ರದಲ್ಲಿರುವ ನರ್ಸ್.’ ಚಿತ್ರಕಾರರಿಗೆ ಇಷ್ಟೇ ಬರೆದು ಕಳಿಸಿ ನೋಡಿ. ಬರುವ ಚಿತ್ರ ಹೆಚ್ಚುಕಡಿಮೆ ಹೀಗಿರುತ್ತದೆ: ಮೊಣಕಾಲಿನವರೆಗಿನ ಬಿಳಿ ಫ್ರಾಕು, ತಲೆ ಮೇಲೆ ಬಿಳಿ ಟೋಪಿ, ಟೋಪಿಯ ನಡುವೆ ಕೆಂಪು ಪ್ಲಸ್ ಗುರುತು, ಭುಜದ ಮೇಲೆ ಇಳಿಬಿದ್ದ ಕೂದಲು, ಮಣಿಕಟ್ಟಿಗೆ ವಾಚು. ಚಿತ್ರಕಾರರನ್ನು ದೂರಿ ಪ್ರಯೋಜನವಿಲ್ಲ. ಏನೂ ಹೇಳದೆ ಬಿಟ್ಟ ಕಡೆ ಅವರ ಕೈ ತನಗೆ ರೂಢಿಯಾದದ್ದನ್ನು ಬರೆಯುತ್ತದೆ, ಆ ರೂಢಿ ಬಂದಿರುವುದು ಹಳೆಯ ಸಿನಿಮಾ ಮತ್ತು ಶಾಲಾ ಚಾರ್ಟುಗಳಿಂದ.

ಇದು ಕಥೆಯ ಪುಸ್ತಕವಾದರೆ ನಡೆದೀತು. ತರಬೇತಿ ಪುಸ್ತಕದಲ್ಲಿ ಹಾಗಲ್ಲ. ಕೈ ತೊಳೆಯುವ ಪಾಠದಲ್ಲಿ ‘ವಾಚು ತೆಗೆದಿಡಿ’ ಎಂದು ಅಕ್ಷರದಲ್ಲಿ ಬರೆದು, ಪಕ್ಕದ ಚಿತ್ರದಲ್ಲಿ ವಾಚು ತೊಡಿಸಿದರೆ ಕಲಿಯುವವರು ನೆನಪಿಟ್ಟುಕೊಳ್ಳುವುದು ಚಿತ್ರವನ್ನು. ಇನ್ನು ಆ ಕೆಂಪು ಗುರುತು ಬರೀ ಹಳೆಯ ರೂಢಿಯಷ್ಟೇ ಅಲ್ಲ. ಬಿಳಿ ಹಿನ್ನೆಲೆಯ ಮೇಲಿನ ಕೆಂಪು ಶಿಲುಬೆ ರೆಡ್ ಕ್ರಾಸ್ ಲಾಂಛನ. ಯುದ್ಧಭೂಮಿಯಲ್ಲಿ ವೈದ್ಯಕೀಯ ಸೇವೆಯವರಿಗೆ ರಕ್ಷಣೆ ಕೊಡಲೆಂದು ಇರುವ ಗುರುತು ಅದು. ನಮ್ಮ ದೇಶದಲ್ಲಿ 1960ರ ಜಿನೀವಾ ಒಪ್ಪಂದಗಳ ಕಾಯ್ದೆಯಂತೆ ಅದನ್ನು ಕೇಂದ್ರ ಸರ್ಕಾರದ ಅನುಮತಿ ಇಲ್ಲದೆ ಬಳಸುವಂತಿಲ್ಲ. ನರ್ಸ್ ಟೋಪಿ, ಔಷಧಿ ಪೆಟ್ಟಿಗೆ, ಗೋಡೆಯ ಫಲಕ ಯಾವುದರ ಮೇಲೂ ಅದು ಬೇಡವೆಂದು ವಿವರಣೆಯಲ್ಲೇ ಒಂದು ಸಾಲು ಬರೆದಿಡಿ.

ನರ್ಸ್ ಉದಾಹರಣೆಯನ್ನೇ ಇಲ್ಲಿ ಪೂರ್ತಿ ಬಿಡಿಸಿ ನೋಡೋಣ. ಮೆಕ್ಯಾನಿಕ್ ಮತ್ತು ಅಡುಗೆಯವರ ವಿಷಯದಲ್ಲಿ ಕ್ರಮ ಇದೇ, ಎಡವುವ ಜಾಗ ಮಾತ್ರ ಬೇರೆ.

1. ಮೊದಲು ಕೆಲಸ, ಆಮೇಲೆ ಬಟ್ಟೆ

ನರ್ಸ್ ಸಮವಸ್ತ್ರ ಹೇಗಿರುತ್ತದೆ ಎಂದು ಕೇಳಿದರೆ ಉತ್ತರ ಸಿಗುವುದಿಲ್ಲ. ಯಾವ ಕೆಲಸ, ಯಾವ ಕ್ಷಣ ಎಂದು ಕೇಳಿದರೆ ಸಿಗುತ್ತದೆ. ಬೆಳಿಗ್ಗೆ ಡ್ಯೂಟಿ ಬದಲಾಗುವಾಗ ಕೇಸ್ ಶೀಟ್ ಓದುತ್ತಿರುವ ಸಿಸ್ಟರ್ ಕೈಯಲ್ಲಿ ಗ್ಲೌಸ್ ಇರಬಾರದು. ಅದೇ ಸಿಸ್ಟರ್ ಹತ್ತು ನಿಮಿಷ ಬಿಟ್ಟು ರೋಗಿಯ ಕೈಗೆ ಕ್ಯಾನುಲಾ, ಅಂದರೆ ಔಷಧಿ ಕೊಡಲು ರಕ್ತನಾಳಕ್ಕೆ ಸೇರಿಸುವ ಸಣ್ಣ ಕೊಳವೆ, ಹಾಕುವಾಗ ಇರಬೇಕು. ಕ್ಷಯರೋಗಿಯ ಕೋಣೆಗೆ ಹೋಗುವಾಗ ಎನ್95 ಮಾಸ್ಕ್ ಸೇರುತ್ತದೆ. ಆಪರೇಷನ್ ಥಿಯೇಟರಿನಲ್ಲಿ ಬಟ್ಟೆಯೇ ಬೇರೆ.

ಹಾಗಾಗಿ ವಿವರಣೆಯ ಮೊದಲ ಸಾಲಿನಲ್ಲಿ ಜಾಗ, ಕೆಲಸ, ಕ್ಷಣ ಮೂರೂ ಬರಲಿ: ‘ಜನರಲ್ ವಾರ್ಡ್. ರೋಗಿಯ ಎಡ ಮುಂಗೈಗೆ ಕ್ಯಾನುಲಾ ಹಾಕುವ ಕೆಲಸ. ಚರ್ಮ ಒರೆಸಿ ಆಗಿದೆ, ಸೂಜಿ ಇನ್ನೂ ಚುಚ್ಚಿಲ್ಲ.’ ಈ ಕೊನೆಯ ವಾಕ್ಯ ಅತಿಯಾಯಿತು ಅನಿಸಬಹುದು. ಆದರೆ ಗ್ಲೌಸ್ ಇರಬೇಕೋ ಬೇಡವೋ ಎಂದು ತೀರ್ಮಾನ ಮಾಡುವುದು ಅದೇ.

ಸಮವಸ್ತ್ರ ಒಂದು, ಕೆಲಸಕ್ಕೆಂದು ಅದರ ಮೇಲೆ ತೊಡುವ ರಕ್ಷಣಾ ಸಾಮಗ್ರಿ ಇನ್ನೊಂದು. ಗ್ಲೌಸ್, ಮಾಸ್ಕ್, ಪ್ಲಾಸ್ಟಿಕ್ ಏಪ್ರನ್ ಎರಡನೆಯ ಗುಂಪಿಗೆ ಸೇರಿದವು. ಎರಡನ್ನೂ ಬೇರೆ ಬೇರೆ ಪ್ಯಾರಾದಲ್ಲಿ ಬರೆಯಿರಿ. ಒಟ್ಟಿಗೆ ಬರೆದರೆ ಚಿತ್ರಕಾರರು ಹತ್ತು ಚಿತ್ರಗಳಲ್ಲೂ ಗ್ಲೌಸ್ ತೊಡಿಸಿಬಿಡುತ್ತಾರೆ. ಆಗ ಸಿಸ್ಟರ್ ಗ್ಲೌಸ್ ಕೈಯಲ್ಲೇ ಫೋನ್ ಎತ್ತುವ, ಪರದೆ ಎಳೆಯುವ ಚಿತ್ರ ಪುಸ್ತಕದಲ್ಲಿ ಅಚ್ಚಾಗುತ್ತದೆ. ಸೋಂಕು ಹರಡುವ ದಾರಿಯನ್ನು ನಾವೇ ಚಿತ್ರ ಬಿಡಿಸಿ ತೋರಿಸಿಕೊಟ್ಟಂತೆ.

2. ಬಟ್ಟೆಯನ್ನು ಕಣ್ಣಾರೆ ನೋಡಿ

ಭಾರತದ ಎಲ್ಲ ನರ್ಸ್‌ಗಳೂ ತೊಡುವ ಒಂದೇ ಸಮವಸ್ತ್ರ ಎಂಬುದಿಲ್ಲ. ಒಂದು ಆಸ್ಪತ್ರೆಯಲ್ಲಿ ಟ್ಯೂನಿಕ್ ಮತ್ತು ಪ್ಯಾಂಟು, ಇನ್ನೊಂದರಲ್ಲಿ ಸ್ಕ್ರಬ್ ಎಂಬ ಸಡಿಲ ಅಂಗಿ-ಪ್ಯಾಂಟು, ಮತ್ತೊಂದರಲ್ಲಿ ಚೂಡಿದಾರದ ಮೇಲೆ ಬಿಳಿ ಕೋಟು. ಕೆಲವು ಕಡೆ ಹಿರಿಯ ಸಿಸ್ಟರುಗಳು ಸೀರೆ ಉಡುತ್ತಾರೆ. ವಿದ್ಯಾರ್ಥಿಗಳ ಬಣ್ಣವೇ ಬೇರೆ ಇರಬಹುದು. ಪುಸ್ತಕ ಒಂದು ಸಂಸ್ಥೆಗೆಂದೇ ಆಗಿದ್ದರೆ ಅಲ್ಲಿನ ನರ್ಸಿಂಗ್ ಸೂಪರಿಂಟೆಂಡೆಂಟರ ಬಳಿ ಲಿಖಿತ ವಸ್ತ್ರನಿಯಮ ಕೇಳಿ. ರಾಜ್ಯಕ್ಕೆಲ್ಲ ಹೋಗುವ ಪುಸ್ತಕವಾದರೆ ಯಾರದ್ದೂ ಅಲ್ಲದ ಸರಳ ಬಟ್ಟೆಯೊಂದನ್ನು ಆರಿಸಿ ಆರಂಭದಿಂದ ಕೊನೆಯವರೆಗೆ ಅದನ್ನೇ ಇಟ್ಟುಕೊಳ್ಳಿ. ಯಾವ ಕಾರಣಕ್ಕೂ ಆಶಾ ಕಾರ್ಯಕರ್ತೆಯರ ಗುಲಾಬಿ ಸೀರೆಯನ್ನು ನರ್ಸ್‌ಗೆ ಉಡಿಸಬೇಡಿ. ಹಳ್ಳಿಯ ಓದುಗರಿಗೆ ಅದು ಬೇರೊಬ್ಬರ ಗುರುತು.

ಫೋಟೊ ತೆಗೆಯುವಾಗ ವಾರ್ಡಿನಲ್ಲಿ ತೆಗೆಯಬೇಡಿ, ರೋಗಿಗಳು ಚೌಕಟ್ಟಿನಲ್ಲಿ ಬರುತ್ತಾರೆ. ನರ್ಸುಗಳ ಕೋಣೆಯಲ್ಲಿ, ಅವರ ಒಪ್ಪಿಗೆ ಪಡೆದು, ಕಿಟಕಿ ಬೆಳಕಿನಲ್ಲಿ ಮುಂದೆ, ಪಕ್ಕ, ಹಿಂದೆ ಹೀಗೆ ಮೂರು ಕಡೆಯಿಂದ ತೆಗೆಯಿರಿ. ಹಿಂಭಾಗವನ್ನು ಹೆಚ್ಚಿನವರು ಮರೆಯುತ್ತಾರೆ, ಆಮೇಲೆ ಸಿಸ್ಟರ್ ಬೆನ್ನು ಕಾಣುವ ಚಿತ್ರ ಬಂದಾಗ ಚಿತ್ರಕಾರರು ಊಹೆ ಮಾಡಬೇಕಾಗುತ್ತದೆ. ಕಾಲರ್, ತೋಳಿನ ಅಂಚು, ಜೇಬು, ಪಾದರಕ್ಷೆ ಇವನ್ನು ಹತ್ತಿರದಿಂದ ಇನ್ನೊಮ್ಮೆ ತೆಗೆಯಿರಿ. ಮುಖ ಬೇಕಿಲ್ಲ.

ಬಣ್ಣವನ್ನು ‘ನೀಲಿ’ ಎಂದು ಬರೆದು ಬಿಡಬೇಡಿ. ಆಕಾಶನೀಲಿಯೋ, ಇಂಕು ನೀಲಿಯೋ, ಪೊಲೀಸ್ ವ್ಯಾನಿನ ನೀಲಿಯೋ? ಟ್ಯೂಬ್‌ಲೈಟಿನಲ್ಲಿ ತೆಗೆದ ಫೋಟೊದಿಂದ ಬಣ್ಣ ಆರಿಸಿದರೆ ಹಸಿರು ಛಾಯೆ ಬಂದುಬಿಡುತ್ತದೆ. ಹಗಲು ಬೆಳಕಿನ ಫೋಟೊದಿಂದ ಆರಿಸಿದ ಬಣ್ಣದ ಕೋಡ್, ಉದಾಹರಣೆಗೆ `#1F3864`, ಬರೆದು ಪಕ್ಕದಲ್ಲಿ ‘ಕಡು ನೀಲಿ, ಕಪ್ಪಿಗೆ ಹತ್ತಿರ’ ಎಂದು ಮಾತಿನಲ್ಲೂ ಹೇಳಿ.

3. ತಲೆಯಿಂದ ಪಾದದವರೆಗೆ, ಪ್ರತಿಯೊಂದರ ಗಡಿ ಹೇಳುತ್ತಾ

ಬರೆಯುವ ಕ್ರಮ ತಲೆಯಿಂದ ಪಾದಕ್ಕಿರಲಿ. ಪ್ರತಿ ವಸ್ತುವಿಗೂ ನಾಲ್ಕು ಸಂಗತಿ ಬೇಕು: ಅದೇನು, ಯಾವ ಬಣ್ಣ, ಮೈಮೇಲೆ ಎಲ್ಲಿಗೆ ಮುಗಿಯುತ್ತದೆ, ಹೇಗೆ ಮುಚ್ಚಿಕೊಳ್ಳುತ್ತದೆ. ಬಿಟ್ಟುಹೋಗುವುದು ಸಾಮಾನ್ಯವಾಗಿ ಮೂರನೆಯದು. ‘ಅರ್ಧ ತೋಳು’ ಎಂದರೆ ಒಬ್ಬರಿಗೆ ಮೊಣಕೈ ಮುಟ್ಟುವ ತೋಳು, ಇನ್ನೊಬ್ಬರಿಗೆ ಭುಜದ ಕೆಳಗೇ ಮುಗಿಯುವ ತೋಳು. ‘ತೋಳು ಮೊಣಕೈಗಿಂತ ನಾಲ್ಕು ಬೆರಳು ಮೇಲೆ ಮುಗಿಯುತ್ತದೆ’ ಎಂದರೆ ಎಲ್ಲರಿಗೂ ಒಂದೇ.

ಇಲ್ಲಿ ತೋಳಿನ ಗಡಿಗೆ ಕಾರಣವಿದೆ. ರೋಗಿಯನ್ನು ಮುಟ್ಟುವವರು ಮೊಣಕೈಯಿಂದ ಕೆಳಗೆ ಬರಿಗೈಯಲ್ಲಿರಬೇಕು ಎಂಬ ನಿಯಮವನ್ನು ಬ್ರಿಟನ್ನಿನ ಆಸ್ಪತ್ರೆಗಳು 2008ರ ಹೊತ್ತಿಗೆ ಜಾರಿಗೆ ತಂದವು, ಈಗ ನಮ್ಮಲ್ಲೂ ಅನೇಕ ಆಸ್ಪತ್ರೆಗಳಲ್ಲಿ ಅದಿದೆ. ತೋಳಿನ ಅಂಚು, ವಾಚು, ಉಂಗುರ, ಬಳೆ ಇದ್ದರೆ ಕೈಯನ್ನೂ ಮಣಿಕಟ್ಟನ್ನೂ ಸರಿಯಾಗಿ ತೊಳೆಯಲಾಗುವುದಿಲ್ಲ.

ಹಾಗಾದರೆ ನಾಡಿ ಎಣಿಸಲು ಗಡಿಯಾರ? ಅದಕ್ಕೇ ಎದೆಗೆ ಪಿನ್ನಿನಿಂದ ಸಿಕ್ಕಿಸುವ ಪುಟ್ಟ ಗಡಿಯಾರ ಇರುವುದು. ಅದು ತೊಟ್ಟವರು ತಲೆ ಬಗ್ಗಿಸಿ ಓದುವ ಗಡಿಯಾರ, ಹಾಗಾಗಿ ಎದುರಿನವರಿಗೆ ತಲೆಕೆಳಗಾಗಿ ಕಾಣುತ್ತದೆ: ಪಿನ್ನಿನ ಹತ್ತಿರ 6, ಕೆಳತುದಿಯಲ್ಲಿ 12. ಈ ಒಂದು ಮಾತು ಬರೆಯದಿದ್ದರೆ ಚಿತ್ರಕಾರರು 12ನ್ನು ಮೇಲಿಟ್ಟು ಚೆಂದವಾಗಿ ಬರೆದುಕೊಡುತ್ತಾರೆ, ಓದುಗರಲ್ಲಿ ಒಬ್ಬ ಹಳೆಯ ಸಿಸ್ಟರ್ ನೋಡಿ ನಗುತ್ತಾರೆ. ಸೆಕೆಂಡು ಮುಳ್ಳು ಇರಲೇಬೇಕು, ಅದಿಲ್ಲದೆ ನಾಡಿ ಎಣಿಸುವಂತಿಲ್ಲ.

4. ಇರಬಾರದ್ದನ್ನೂ ಬರೆಯಿರಿ

ವಿವರಣೆಯಲ್ಲಿ ಎಲ್ಲಕ್ಕಿಂತ ಉಪಯೋಗಕ್ಕೆ ಬರುವ ಪ್ಯಾರಾ ನನ್ನ ಲೆಕ್ಕದಲ್ಲಿ ಇದೇ. ಕನ್ನಡದ ಪುಸ್ತಕಕ್ಕೆ ಚಿತ್ರ ಬರೆಯುವವರು ಹೆಣ್ಣುಮಗಳನ್ನು ಬರೆದ ಕೂಡಲೇ ಕೈಗೆ ಬಳೆ, ಜಡೆಗೆ ಮಲ್ಲಿಗೆ, ಬೆರಳಿಗೆ ಉಂಗುರ ತಾನಾಗಿ ಬರುತ್ತವೆ. ಹೇಳದೆ ಹೋಗುವುದಿಲ್ಲ. ‘ಬಳೆ ಇಲ್ಲ, ಉಂಗುರ ಇಲ್ಲ, ಮಣಿಕಟ್ಟಿಗೆ ದಾರ ಇಲ್ಲ, ಹೂ ಇಲ್ಲ, ಉಗುರು ಗಿಡ್ಡ, ನೇಲ್ ಪಾಲಿಶ್ ಇಲ್ಲ’ ಎಂದು ಒಂದೊಂದಾಗಿ ಬರೆಯಿರಿ. ದೇವಸ್ಥಾನದ ದಾರವನ್ನು ಗಂಡಸು ನರ್ಸ್‌ಗಳ ಚಿತ್ರದಲ್ಲೂ ನೋಡಿದ್ದೇನೆ.

ಆದರೆ ಎಲ್ಲವನ್ನೂ ಕಿತ್ತುಹಾಕುವ ಉತ್ಸಾಹ ಬೇಡ. ಬಿಂದಿ ಇರಲಿ. ಕಿವಿಗೆ ಚಿಕ್ಕ ಓಲೆ ನಡೆಯುತ್ತದೆ, ಜೋಲಾಡುವುದು ಬೇಡ. ಮಾಂಗಲ್ಯದ ಸರ ಬಟ್ಟೆಯ ಒಳಗಿದ್ದರೆ ಚಿತ್ರದಲ್ಲಿ ಕಾಣುವ ಪ್ರಶ್ನೆಯೇ ಬರುವುದಿಲ್ಲ. ಓದುವ ಸಿಸ್ಟರ್‌ಗೆ ಚಿತ್ರದಲ್ಲಿರುವವಳು ತನ್ನಂಥವಳೇ ಅನಿಸಬೇಕು. ಮೈಬಣ್ಣವನ್ನೂ ಹೇಳಿಬಿಡಿ, ಇಲ್ಲದಿದ್ದರೆ ಎಲ್ಲರೂ ಕ್ರೀಮಿನ ಜಾಹೀರಾತಿನವರಂತೆ ಬೆಳ್ಳಗಾಗುತ್ತಾರೆ.

ಒಂದು ವಿವರಣೆ, ಪೂರ್ತಿಯಾಗಿ

ಮೇಲೆ ಹೇಳಿದ ಕ್ಯಾನುಲಾ ದೃಶ್ಯಕ್ಕೆ ನಾನು ಬರೆಯುವ ವಿವರಣೆ ಹೀಗಿರುತ್ತದೆ:

> ಜನರಲ್ ವಾರ್ಡ್, ಹಗಲು. ನರ್ಸ್ ಸುಮಾರು ಮೂವತ್ತೈದರ ಹೆಂಗಸು, ಕಂದು ಮೈಬಣ್ಣ. ರೋಗಿಯ ಎಡ ಮುಂಗೈಗೆ ಕ್ಯಾನುಲಾ ಹಾಕಲು ಸಿದ್ಧ. ಚರ್ಮ ಒರೆಸಿ ಆಗಿದೆ, ಸೂಜಿ ಇನ್ನೂ ಚುಚ್ಚಿಲ್ಲ.
>
> ಸಮವಸ್ತ್ರ: ಕೂದಲು ಹಿಂದಕ್ಕೆ ಬಾಚಿ ತುರುಬು ಕಟ್ಟಿದೆ, ತುರುಬು ಕಾಲರ್‌ಗಿಂತ ಮೇಲಿದೆ, ಮುಖದ ಮೇಲೆ ಎಳೆ ಬಿದ್ದಿಲ್ಲ. ಟೋಪಿ ಇಲ್ಲ. ಕಡು ನೀಲಿ ಸ್ಕ್ರಬ್ ಅಂಗಿ, ಕುತ್ತಿಗೆ ‘ವಿ’ ಆಕಾರ, ಗುಂಡಿ ಇಲ್ಲ, ತಲೆಯ ಮೇಲಿಂದ ತೊಡುವಂಥದ್ದು. ತೋಳು ಮೊಣಕೈಗಿಂತ ನಾಲ್ಕು ಬೆರಳು ಮೇಲೆ ಮುಗಿಯುತ್ತದೆ. ಅಂಗಿಯ ಅಂಚು ಸೊಂಟದಿಂದ ಒಂದು ಗೇಣು ಕೆಳಗೆ. ಮುಂದೆ ಕೆಳಗಡೆ ಎರಡು ಜೇಬು, ಎದೆಗೆ ಜೇಬಿಲ್ಲ. ಅದೇ ಬಣ್ಣದ ನೇರ ಪ್ಯಾಂಟು, ಅಂಚು ಹಿಮ್ಮಡಿಗೆ ತಾಗದಷ್ಟು ಉದ್ದ. ಪಾದ ಪೂರ್ತಿ ಮುಚ್ಚುವ ಚಪ್ಪಟೆ ಕಪ್ಪು ಶೂ. ಅವರ ಎಡ ಎದೆಯ ಮೇಲೆ ಪಿನ್ ಗಡಿಯಾರ, ನೋಡುವವರಿಗೆ ತಲೆಕೆಳಗು. ಬಲ ಎದೆಯ ಮೇಲೆ ಚೌಕ ಹೆಸರುಪಟ್ಟಿ, ಅಕ್ಷರ ಬರೆಯದೆ ಖಾಲಿ ಬಿಡಿ.
>
> ರಕ್ಷಣಾ ಸಾಮಗ್ರಿ: ಎರಡೂ ಕೈಗೆ ನೀಲಿ ಗ್ಲೌಸ್, ಮಣಿಕಟ್ಟು ದಾಟಿ ಮೂರು ಬೆರಳು ಮೇಲಕ್ಕೆ ಬಂದಿದೆ, ತುದಿಯಲ್ಲಿ ಉರುಳೆಯಂಥ ದಪ್ಪ ಅಂಚು. ಈ ಚಿತ್ರದಲ್ಲಿ ಮಾಸ್ಕ್ ಇಲ್ಲ, ಏಪ್ರನ್ ಇಲ್ಲ.
>
> ಇರಬಾರದ್ದು: ಬಳೆ, ಉಂಗುರ, ಕೈಗಡಿಯಾರ, ದಾರ, ಹೂ, ಉದ್ದ ಉಗುರು, ಕೊರಳಲ್ಲಿ ಇಳಿಬಿದ್ದ ಐಡಿ ಕಾರ್ಡು, ಕೆಂಪು ಶಿಲುಬೆ ಗುರುತು.

ಎದೆಗೆ ಜೇಬು ಬೇಡವೆಂದು ಹೇಳಿದ್ದಕ್ಕೆ ಕಾರಣವಿದೆ. ಅಲ್ಲಿ ಜೇಬು ಬರೆದರೆ ಅದರಲ್ಲೊಂದು ಪೆನ್ನು ಬರುತ್ತದೆ, ಬಗ್ಗಿದಾಗ ಆ ಪೆನ್ನು ರೋಗಿಯ ಮೇಲೆ ಬೀಳಬಹುದು. ಕೊರಳ ಐಡಿ ಕಾರ್ಡಿನದ್ದೂ ಅದೇ ಕಥೆ, ಬಗ್ಗಿದರೆ ಒರೆಸಿ ಶುದ್ಧ ಮಾಡಿದ ಜಾಗಕ್ಕೇ ತಾಗುತ್ತದೆ. ಹೆಸರುಪಟ್ಟಿ ಖಾಲಿ ಬಿಡುವುದು ಪುಸ್ತಕ ಬೇರೆ ಭಾಷೆಗೆ ಹೋದಾಗ ಮತ್ತೆ ಚಿತ್ರ ತಿದ್ದುವ ಖರ್ಚು ಉಳಿಸಲು.

ಗ್ಲೌಸ್ ನೀಲಿಯೇ ಆಗಲಿ ಎಂದಿರುವುದು ಚಿತ್ರದ ಅನುಕೂಲಕ್ಕೆ. ವಾರ್ಡಿನಲ್ಲಿ ಸಿಗುವುದು ಹಲವೆಡೆ ಕೆನೆ ಬಣ್ಣದ ಲೇಟೆಕ್ಸ್ ಗ್ಲೌಸ್. ಅದನ್ನು ಇದ್ದಂತೆ ಬರೆದರೆ ಬರಿಗೈಯಂತೆ ಕಾಣುತ್ತದೆ. ಇನ್ನೊಂದು ಸಂಗತಿ: ತರಬೇತಿ ಕೇಂದ್ರಗಳಲ್ಲಿ ಹಂಚುವುದು ಬಣ್ಣದ ಪುಸ್ತಕವನ್ನಲ್ಲ, ಅದರ ಜೆರಾಕ್ಸನ್ನು. ಜೆರಾಕ್ಸಿನಲ್ಲಿ ನೀಲಿಯೂ ಹೋಗುತ್ತದೆ. ಉಳಿಯುವುದು ಮಣಿಕಟ್ಟಿನ ಮೇಲಿನ ಆ ದಪ್ಪ ಅಂಚಿನ ಗೆರೆ ಮಾತ್ರ, ಗ್ಲೌಸ್ ಇದೆ ಎಂದು ಹೇಳುವುದು ಆಗ ಅದೊಂದೇ. ಚಿತ್ರ ಕೈಗೆ ಬಂದ ದಿನವೇ ಒಂದು ಕಪ್ಪು-ಬಿಳುಪು ಜೆರಾಕ್ಸ್ ಮಾಡಿಸಿ ನೋಡಿ. ಕಡು ನೀಲಿ ಅಂಗಿಯೂ ಕಂದು ಕೈಯೂ ಒಂದೇ ಮಸಿಯಾಗಿ ಕೂಡಿಕೊಂಡಿದ್ದರೆ ನಡುವೆ ತೆಳುವಾದ ಬಿಳಿ ಗೆರೆ ಕೇಳಿ.

5. ಚಿತ್ರಸರಣಿಯಾದರೆ

ಕ್ಯಾನುಲಾ ಹಾಕುವುದನ್ನು ಒಂದೇ ಚಿತ್ರದಲ್ಲಿ ಕಲಿಸಲಾಗದು, ಆರು ಚಿತ್ರವಾದರೂ ಬೇಕು. ಆಗ ಸಮವಸ್ತ್ರದ ಪ್ಯಾರಾ ಒಮ್ಮೆ ಬರೆದರೆ ಸಾಕು, ರಕ್ಷಣಾ ಸಾಮಗ್ರಿಯ ಸಾಲನ್ನು ಮಾತ್ರ ಪ್ರತಿ ಚಿತ್ರಕ್ಕೂ ಹೊಸದಾಗಿ ಬರೆಯಬೇಕು. ಮೊದಲ ಚಿತ್ರದಲ್ಲಿ ಕೈಗೆ ಸ್ಯಾನಿಟೈಸರ್ ಉಜ್ಜುತ್ತಿದ್ದಾರೆ, ಬರಿಗೈ. ಎರಡನೆಯದರಲ್ಲಿ ರೋಗಿಯ ತೋಳಿಗೆ ಪಟ್ಟಿ ಕಟ್ಟಿ ರಕ್ತನಾಳ ಹುಡುಕುತ್ತಿದ್ದಾರೆ, ಇನ್ನೂ ಬರಿಗೈ. ಅದಾದ ಮೇಲೆ ಮತ್ತೆ ಕೈ ಉಜ್ಜಿ ಗ್ಲೌಸ್ ತೊಡುವುದು ಮೂರನೆಯದು. ಚರ್ಮ ಒರೆಸಿ ಕ್ಯಾನುಲಾ ಹಾಕುವ ನಾಲ್ಕನೆಯದರಲ್ಲೂ, ಸೂಜಿಯನ್ನು ಬಿಳಿ ಗಟ್ಟಿ ಡಬ್ಬಿಗೆ ಹಾಕುವ ಐದನೆಯದರಲ್ಲೂ ಗ್ಲೌಸ್ ಇದೆ. ಆರನೆಯದರಲ್ಲಿ ಗ್ಲೌಸ್ ಕೆಂಪು ಚೀಲಕ್ಕೆ ಹೋಗಿದೆ, ಕೈ ಮತ್ತೆ ಬರಿದು, ಮತ್ತೆ ಸ್ಯಾನಿಟೈಸರ್. ಡಬ್ಬಿ ಮತ್ತು ಚೀಲದ ಬಣ್ಣ ಚಿತ್ರಕಾರರ ಇಷ್ಟಕ್ಕೆ ಬಿಡುವಂಥದ್ದಲ್ಲ, 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳಲ್ಲಿ ನಿಗದಿಯಾಗಿರುವುದು.

ಮೂರನೆಯ ಚಿತ್ರ ಉಳಿತಾಯದ ನೆಪದಲ್ಲಿ ಮೊದಲು ಕತ್ತರಿ ಬೀಳುವಂಥದ್ದು. ಅದನ್ನು ತೆಗೆದರೆ ಎರಡರಿಂದ ನಾಲ್ಕಕ್ಕೆ ಹಾರಿದಾಗ ಗ್ಲೌಸ್ ಎಲ್ಲಿಂದಲೋ ಪ್ರತ್ಯಕ್ಷವಾಗುತ್ತದೆ, ಅದಕ್ಕೂ ಮುಂಚೆ ಕೈ ಶುದ್ಧ ಮಾಡಿಕೊಂಡ ಮುಖ್ಯ ಹೆಜ್ಜೆ ಮಾಯವಾಗುತ್ತದೆ.

ಮೆಕ್ಯಾನಿಕ್, ಅಡುಗೆಯವರು

ಮೆಕ್ಯಾನಿಕ್ ಚಿತ್ರದಲ್ಲಿ ಗ್ಲೌಸ್‌ನ ಲೆಕ್ಕ ತಿರುಗುಮುರುಗು. ಸುರಕ್ಷತೆ ಎಂದ ಕೂಡಲೇ ಗ್ಲೌಸ್ ತೊಡಿಸುವುದು ಸಹಜ, ಆದರೆ ಬೆಂಚ್ ಗ್ರೈಂಡರ್, ಡ್ರಿಲ್ಲಿಂಗ್ ಮೆಷಿನ್, ಲೇತ್ ಮುಂದೆ ಬಟ್ಟೆಯ ಗ್ಲೌಸ್ ತೊಟ್ಟ ಕೈ ಬರೆದರೆ ಅಪಾಯವನ್ನು ಕಲಿಸಿದಂತೆ. ತಿರುಗುವ ಭಾಗಕ್ಕೆ ಗ್ಲೌಸ್ ಸಿಕ್ಕಿಕೊಂಡರೆ ಬೆರಳನ್ನೂ ಎಳೆದುಕೊಳ್ಳುತ್ತದೆ. ಅಲ್ಲಿ ‘ಬರಿಗೈ, ಕಣ್ಣಿಗೆ ಕನ್ನಡಕ, ತೋಳು ಮಣಿಕಟ್ಟಿನಲ್ಲಿ ಗುಂಡಿ ಹಾಕಿ ಬಿಗಿಯಾಗಿದೆ’ ಎಂದು ಬರೆಯಬೇಕು. ಬ್ಯಾಟರಿ ಬಿಚ್ಚುವ ಚಿತ್ರದಲ್ಲಿ ಉಂಗುರ, ಲೋಹದ ವಾಚು, ಕಡಗ ಬೇಡ: ಸ್ಪ್ಯಾನರ್ ಹಿಡಿದ ಕೈಯ ಉಂಗುರ ಟರ್ಮಿನಲ್‌ಗೂ ಗಾಡಿಯ ಬಾಡಿಗೂ ಒಟ್ಟಿಗೆ ತಾಗಿದರೆ ಶಾರ್ಟ್ ಆಗಿ ಕ್ಷಣದಲ್ಲಿ ಕೆಂಪಗೆ ಕಾಯುತ್ತದೆ. ಎಲೆಕ್ಟ್ರಿಕ್ ಕಾರಿನ ಕಿತ್ತಳೆ ಬಣ್ಣದ ಕೇಬಲ್ ಹತ್ತಿರ ಕೆಲಸವಾದರೆ ಮಾತ್ರ ಎರಡು ಪದರ ಗ್ಲೌಸ್: ಒಳಗೆ ವಿದ್ಯುತ್ ತಡೆಯುವ ರಬ್ಬರಿನದ್ದು, ಅದು ಹರಿಯದಂತೆ ಮೇಲೆ ಚರ್ಮದ್ದು. ಚರ್ಮದ ಅಂಚು ರಬ್ಬರಿಗಿಂತ ಗಿಡ್ಡವಾಗಿ, ರಬ್ಬರ್ ಹೊರಗೆ ಇಣುಕುವಂತೆ ಕಾಣಬೇಕು.

ಅಡುಗೆಮನೆಯಲ್ಲಿ ತೋಳಿನ ಲೆಕ್ಕ ಬೇರೆ. ದೊಡ್ಡ ಹೋಟೆಲಿನ ಶೆಫ್ ಜಾಕೆಟ್ಟಿಗೆ ಉದ್ದ ತೋಳು, ಕಾದ ಎಣ್ಣೆ ಹಾರುವುದರಿಂದ. ಎದೆಯ ಮುಂದೆ ಬಟ್ಟೆ ಎರಡು ಪದರವಾಗಿ ಒಂದರ ಮೇಲೊಂದು ಬರುತ್ತದೆ, ಗುಂಡಿ ಎರಡು ಸಾಲು. ಬಿಸಿ ತಡೆಯುವುದು ಒಂದು ಉಪಯೋಗ, ಮೇಲಿನ ಪದರ ಕಲೆಯಾದರೆ ಅದನ್ನು ಒಳಗೆ ಮಾಡಿ ಇನ್ನೊಂದನ್ನು ಹೊರಗೆ ತಂದುಕೊಳ್ಳುವುದು ಇನ್ನೊಂದು. ‘ಎರಡು ಸಾಲು ಗುಂಡಿ’ ಎಂದಷ್ಟೇ ಬರೆದರೆ ಚಿತ್ರಕಾರರು ಒಂಟಿ ಪದರದ ಮೇಲೆ ಅಲಂಕಾರಕ್ಕೆ ಗುಂಡಿ ಹೊಲಿದುಬಿಡುತ್ತಾರೆ, ಪದರದ ಅಂಚಿನ ಗೆರೆ ಎಲ್ಲಿ ಬರುತ್ತದೆಂದು ಹೇಳಿ. ಸೊಂಟಕ್ಕೆ ಸಿಕ್ಕಿಸಿದ ಟವೆಲ್ ಒಣಗಿರಬೇಕು, ಒದ್ದೆ ಬಟ್ಟೆಯಲ್ಲಿ ಬಿಸಿ ಪಾತ್ರೆ ಹಿಡಿದರೆ ಕೈ ಸುಡುತ್ತದೆ. ನೀರಿನ ಹನಿ ಬರೆಯುವ ಚಪಲ ಇಲ್ಲಿ ಬೇಡ.

ಇದೇ ವಿವರಣೆಯನ್ನು ದರ್ಶಿನಿಯ ಅಡುಗೆ ಭಟ್ಟರಿಗೆ ಬರೆಯಲು ಹೋಗಬೇಡಿ. ಇಡ್ಲಿ ಸ್ಟ್ಯಾಂಡ್ ಇಳಿಸುವವರ ತಲೆಗೆ ಉದ್ದ ಫ್ರೆಂಚ್ ಟೋಪಿ ಇಟ್ಟರೆ ಓದುವವರಿಗೆ ಇದು ನಮ್ಮ ಪುಸ್ತಕವಲ್ಲ ಅನಿಸುತ್ತದೆ. ಕೂದಲು ಪೂರ್ತಿ ಮುಚ್ಚುವ ಸಾದಾ ಟೋಪಿ, ಎದೆಯಿಂದ ಮೊಣಕಾಲು ದಾಟುವ ಏಪ್ರನ್, ಪಂಚೆಯ ಬದಲು ಪ್ಯಾಂಟು, ಜಾರದ ಮುಚ್ಚಿದ ಪಾದರಕ್ಷೆ ಇಷ್ಟು ಸಾಕು.

6. ರಫ್ ಸ್ಕೆಚ್ ಹಂತದಲ್ಲೇ ತೋರಿಸಿ

ಬಣ್ಣ ತುಂಬುವ ಮುನ್ನ ಪೆನ್ಸಿಲ್ ಸ್ಕೆಚ್ಚನ್ನು ಆ ಕೆಲಸ ಮಾಡುವವರಿಗೆ ತೋರಿಸಿ. ‘ಸರಿ ಇದೆಯಾ ಸಿಸ್ಟರ್?’ ಎಂದರೆ ‘ಹ್ಞೂಂ, ಚೆನ್ನಾಗಿದೆ’ ಎಂದೇ ಉತ್ತರ ಬರುತ್ತದೆ, ಮರ್ಯಾದೆಗೆ. ‘ನಿಮ್ಮ ಹೊಸ ಹುಡುಗಿ ಹೀಗೆ ಡ್ಯೂಟಿಗೆ ಬಂದರೆ ನೀವು ಏನು ಬೈತೀರಿ?’ ಎಂದು ಕೇಳಿ. ಆಗ ನಿಜವಾದ ಪಟ್ಟಿ ಸಿಗುತ್ತದೆ. ಒಬ್ಬರ ಬದಲು ಇಬ್ಬರಿಗೆ, ಅದರಲ್ಲೊಬ್ಬರು ಸೋಂಕು ನಿಯಂತ್ರಣ ನೋಡಿಕೊಳ್ಳುವವರಾದರೆ ಇನ್ನೂ ಒಳ್ಳೆಯದು.

ಪುಟವಿನ್ಯಾಸ ಮುಗಿದ ಮೇಲೆ ಇನ್ನೊಮ್ಮೆ ನೋಡುವುದಿದೆ. ಸಿಸ್ಟರ್ ಪುಟದ ಹೊರಗಡೆಗೆ ಮುಖ ಮಾಡಿದ್ದಾರೆಂದು ವಿನ್ಯಾಸಕಾರರು ಚಿತ್ರವನ್ನು ಎಡಬಲ ತಿರುಗಿಸಿರಬಹುದು. ಆಗ ಎಡ ಎದೆಯ ಗಡಿಯಾರ ಬಲಕ್ಕೆ ಬರುತ್ತದೆ, ಅದರ ಅಂಕಿಗಳು ಕನ್ನಡಿಯಲ್ಲಿ ಕಂಡಂತೆ ತಿರುಗುತ್ತವೆ, ಪಠ್ಯದಲ್ಲಿ ‘ರೋಗಿಯ ಎಡಗೈ’ ಎಂದಿರುವುದು ಚಿತ್ರದಲ್ಲಿ ಬಲಗೈ ಆಗುತ್ತದೆ. ಪ್ರೂಫ್ ಹಿಡಿದು ಮೊದಲು ಗಡಿಯಾರ ಹುಡುಕಿ, ತಿರುಗಿಸಿದ್ದಾರೋ ಇಲ್ಲವೋ ಅಲ್ಲೇ ಗೊತ್ತಾಗುತ್ತದೆ.

ಚಿತ್ರಕಾರರಿಂದ ಕೊನೆಯ ಕಡತ ಪಡೆಯುವಾಗ ಅಂಗಿ, ಗ್ಲೌಸ್, ಹೆಸರುಪಟ್ಟಿ ಬೇರೆ ಬೇರೆ ಪದರದಲ್ಲಿರಲಿ ಎಂದು ಒಪ್ಪಂದದಲ್ಲೇ ಬರೆದುಕೊಳ್ಳಿ. ಆಸ್ಪತ್ರೆ ನಾಳೆ ಬಣ್ಣ ಬದಲಿಸಿದರೆ ಅಂಗಿಯ ಪದರಕ್ಕೆ ಹೊಸ ಬಣ್ಣ ಕೊಟ್ಟರೆ ಮುಗಿಯಿತು.